ಎರಡು ಪಾದ, ಒಂದೇ ಸಪ್ಪಳ

ಗದಗ ಹತ್ತಿರದ ಹಳ್ಳಿಯೊಂದರಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಕಲಿಸುತ್ತೇನೆ. ನಾನು ಸೇರಿದ ವರ್ಷ ಮಕ್ಕಳ ಪ್ರಗತಿ ಹಾಳೆಯಲ್ಲಿ ಮೂರು ಸಾಲಿದ್ದವು: ಓಡುತ್ತದೆ, ಜಿಗಿಯುತ್ತದೆ, ಒಂಟಿ ಕಾಲಲ್ಲಿ ನಿಲ್ಲುತ್ತದೆ. ಎದುರಿಗೆ ‘ಹೌದು’ ಅಥವಾ ‘ಇಲ್ಲ’ ಬರೆಯಬೇಕು. ಒಂದು ಮಧ್ಯಾಹ್ನ ಕುಳಿತು, ಮಕ್ಕಳ ಮುಖ ನೆನಪಿಸಿಕೊಂಡು, ಹೆಚ್ಚುಕಡಿಮೆ ಎಲ್ಲರಿಗೂ ಮೂರಕ್ಕೂ ಹೌದು ಎಂದು ಬರೆದುಬಿಟ್ಟೆ. ಬರೆದಾದ ಮೇಲೆ ಓದಿದರೆ, ಯಾವ ಮಗುವಿಗೆ ನಾಳೆ ಏನು ಆಡಿಸಬೇಕು ಎನ್ನುವುದು ಅದರಲ್ಲಿ ಎಲ್ಲೂ ಇರಲಿಲ್ಲ.

ನಮ್ಮ ಪಿ.ಟಿ. ಮಾಸ್ತರರು ತಮ್ಮ ತರಬೇತಿಯಲ್ಲಿ ಕಲಿತಿದ್ದ, ಓಟ, ಜಿಗಿತದಂಥ ಇಡೀ ಮೈಯ ಚಲನೆಗಳನ್ನು ನೋಡುವ ಟಿ.ಜಿ.ಎಂ.ಡಿ. ಪರೀಕ್ಷೆಯ ವಿಷಯ ತೆಗೆದರು. ಅಮೆರಿಕದ ಡೇಲ್ ಉಲ್ರಿಚ್ ಅವರು ಮೂರರಿಂದ ಹತ್ತು ವರ್ಷದ ಮಕ್ಕಳಿಗಾಗಿ ಮಾಡಿದ್ದು ಅದು. ಎರಡನೇ ಆವೃತ್ತಿ 2000ದಲ್ಲಿ ಬಂತು. ಮಗು ಎಷ್ಟು ದೂರ ಜಿಗಿಯಿತು, ಎಷ್ಟು ಜೋರಾಗಿ ಓಡಿತು ಎಂದು ಅದು ಕೇಳುವುದಿಲ್ಲ. ಜಿಗಿಯುವಾಗ ಮೈ ಏನು ಮಾಡಿತು ಎಂದು ಕೇಳುತ್ತದೆ. ಒಂದೊಂದು ಚಲನೆಗೂ ಕಣ್ಣಿಗೆ ಕಾಣುವ ಮೂರರಿಂದ ಐದು ಗುರುತು. ಗುರುತು ಕಂಡರೆ 1, ಕಾಣದಿದ್ದರೆ 0. ಎರಡು ಸಲ ಮಾಡಿಸಿ ಎರಡೂ ಸಲದ ಅಂಕ ಬರೆಯುವುದು. ನಾನು ಅದರಿಂದ ಓಟದ್ದೂ ಜಿಗಿತದ್ದೂ ಗುರುತುಗಳನ್ನು ತೆಗೆದುಕೊಂಡೆ. ಅಲ್ಲಿಯ ಮಕ್ಕಳ ಸರಾಸರಿಗೆ ನಮ್ಮ ಮಕ್ಕಳನ್ನು ಹೋಲಿಸಲಿಲ್ಲ, ಇವತ್ತಿಗೂ ಹೋಲಿಸುವುದಿಲ್ಲ. ಒಂದು ಮಗುವಿನ ಜುಲೈ ತಿಂಗಳನ್ನು ಅದೇ ಮಗುವಿನ ಡಿಸೆಂಬರಿಗೆ ಹೋಲಿಸುವುದಷ್ಟೇ ನನ್ನ ಕೆಲಸ.

ಜಿಗಿತದ ಬಗ್ಗೆಯೇ ಹೆಚ್ಚು ಹೇಳುತ್ತೇನೆ, ನಾನು ಹೆಚ್ಚು ತಪ್ಪಿದ್ದೂ ಅಲ್ಲೇ. ನಿಂತಲ್ಲಿಂದ ಮುಂದಕ್ಕೆ ಜಿಗಿಯುವುದಕ್ಕೆ ನಾಲ್ಕು ಗುರುತು. ಜಿಗಿಯುವ ಮುಂಚೆ ಎರಡೂ ಮೊಣಕಾಲು ಬಾಗಿ, ಕೈಗಳು ಬೆನ್ನ ಹಿಂದಕ್ಕೆ ಹೋಗಬೇಕು. ಜಿಗಿಯುವಾಗ ಕೈಗಳು ಮುಂದಕ್ಕೂ ಮೇಲಕ್ಕೂ ಬೀಸಿ ತಲೆಯ ಮೇಲೆ ಚಾಚಬೇಕು. ಎರಡೂ ಪಾದ ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯಬೇಕು. ಇಳಿಯುವಾಗ ಕೈಗಳು ಕೆಳಗೆ ಬರಬೇಕು. ಓದುವಾಗ ಸುಲಭ. ಆದರೆ ಮಗುವಿನ ಜಿಗಿತ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಮೊದಲ ದಿನ ನಾಲ್ಕನ್ನೂ ಒಟ್ಟಿಗೆ ನೋಡಲು ಹೋಗಿ ಒಂದನ್ನೂ ನೋಡಲಿಲ್ಲ. ಖಾಲಿ ಉಳಿದ ಮನೆಗಳನ್ನು ಅಂದಾಜಿನ ಮೇಲೆ ತುಂಬಿದೆ. ಈಗ ಹಾಗೆ ಮಾಡುವುದಿಲ್ಲ. ಒಂದು ದಿನ ಬರೀ ಪಾದ, ಮರುದಿನ ಬರೀ ಕೈ. ಒಬ್ಬೊಬ್ಬರಿಗೆ ಒಮ್ಮೆ ಮಾಡಿ ತೋರಿಸಿ, ಒಮ್ಮೆ ಸುಮ್ಮನೆ ಮಾಡಲು ಬಿಟ್ಟು, ಆಮೇಲಿನ ಎರಡು ಜಿಗಿತಕ್ಕೆ ಅಂಕ. ದಿನಕ್ಕೆ ಎಂಟು ಮಕ್ಕಳು ಸಾಕು. ಅದಕ್ಕಿಂತ ಹೆಚ್ಚಾದರೆ ಕೊನೆಯ ಮಕ್ಕಳಿಗೆ ನನ್ನ ಕಣ್ಣು ಉದಾರವಾಗಿಬಿಡುತ್ತದೆ.

ನಿಲ್ಲುವ ಜಾಗವೂ ಮುಖ್ಯ. ಕೈ ಹಿಂದಕ್ಕೆ ಹೋಯಿತೇ ಎನ್ನುವುದು ಎದುರಿನಿಂದ ಕಾಣುವುದೇ ಇಲ್ಲ, ಮಗುವಿನ ಮೈಯೇ ಮರೆ ಮಾಡುತ್ತದೆ. ಪಕ್ಕದಲ್ಲಿ ಐದಾರು ಹೆಜ್ಜೆ ದೂರ, ಮಗುವಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತರೆ ಎಲ್ಲ ಕಾಣುತ್ತದೆ. ಪಾದಗಳಿಗೆ ಮಾತ್ರ ನನಗೆ ಕಣ್ಣಿಗಿಂತ ಕಿವಿ ನೆರವಾಯಿತು. ಎರಡೂ ಪಾದ ಒಟ್ಟಿಗೆ ಇಳಿದರೆ ಒಂದೇ ಸಪ್ಪಳ, ‘ಧಪ್’. ಒಂದರ ಹಿಂದೆ ಒಂದು ಇಳಿದರೆ ‘ಧಪ್-ಧಪ್’. ಇದನ್ನು ಪಿ.ಟಿ. ಮಾಸ್ತರರು ಒಪ್ಪಲಿಲ್ಲ. ಅದಕ್ಕೆ ಅಂಗಳದ ಮೆತ್ತನೆಯ ಮಣ್ಣನ್ನು ಕಸಬರಿಗೆಯಿಂದ ಸಮ ಮಾಡಿ, ಅದರ ಮೇಲೆ ಜಿಗಿಸಿ, ಮೂಡಿದ ಹೆಜ್ಜೆಗುರುತನ್ನೂ ನೋಡಿದೆವು. ಎರಡು ಸಪ್ಪಳ ಕೇಳಿದ ಕಡೆ ಸಾಮಾನ್ಯವಾಗಿ ಒಂದು ಹಿಮ್ಮಡಿ ಇನ್ನೊಂದಕ್ಕಿಂತ ನಾಲ್ಕು ಬೆರಳಾದರೂ ಹಿಂದೆ ಇತ್ತು. ಈಗ ಅವರೂ ಕಣ್ಣು ಮುಚ್ಚಿ ಕೇಳುತ್ತಾರೆ.

ಮಾತು ಎಷ್ಟು ಕೆಡಿಸುತ್ತದೆ ಎನ್ನುವುದೂ ಆಗಲೇ ಗೊತ್ತಾಯಿತು. ‘ಹಾರು’ ಎಂದರೆ ಇಬ್ಬರು ಮಕ್ಕಳು ಕೈ ಬಡಿಯುತ್ತ ಹಕ್ಕಿಯಂತೆ ಓಡಿಹೋದರು. ‘ಕಪ್ಪಿ ಹಂಗ ಜಿಗಿ’ ಎಂದರೆ ಎಲ್ಲರೂ ಕುಕ್ಕರಿಸಿ ಅಂಗೈ ನೆಲಕ್ಕೆ ಊರಿದರು. ಕೈ ಬೀಸುವ ಗುರುತು ಅಲ್ಲಿಗೆ ಹೋಯಿತು. ‘ಮೊಣಕಾಲು ಬಗ್ಗಿಸು’ ಎಂದು ಹೇಳಿಕೊಟ್ಟರೆ ಬಗ್ಗಿಸುತ್ತಾರೆ, ಆದರೆ ಅದು ನನ್ನ ಮಾತು ಅರ್ಥವಾಯಿತೆನ್ನುವುದರ ಗುರುತೇ ಹೊರತು ಜಿಗಿತದ್ದಲ್ಲ. ಈಗ ನಾನೇ ಸೆರಗು ಸಿಕ್ಕಿಸಿಕೊಂಡು ಒಮ್ಮೆ ಜಿಗಿದು ತೋರಿಸಿ, ‘ಹಿಂಗ, ಎಷ್ಟು ದೂರ ಆಗ್ತದ ಅಷ್ಟು’ ಎಂದಷ್ಟೇ ಹೇಳುತ್ತೇನೆ.

ಒಬ್ಬ ಹುಡುಗಿಯ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಆಗ ಅವಳಿಗೆ 5 ವರ್ಷ 2 ತಿಂಗಳು. ವಯಸ್ಸನ್ನು ತಿಂಗಳ ಸಮೇತ ಬರೆಯುತ್ತೇನೆ, ತಾಯಿ ಕಾರ್ಡ್ ನೋಡಿ. ಈ ವಯಸ್ಸಿನಲ್ಲಿ ಆರು ತಿಂಗಳು ದೊಡ್ಡ ಅಂತರ. ಮೊದಲ ಸಲ ಅವಳ ಜಿಗಿತದ ಅಂಕ ಹೀಗಿತ್ತು: ಮೊಣಕಾಲು ಬಾಗಿ ಕೈ ಹಿಂದಕ್ಕೆ 0, 0. ಕೈ ಮೇಲಕ್ಕೆ 0, 0. ಎರಡೂ ಪಾದ ಒಟ್ಟಿಗೆ 0, 0. ಇಳಿಯುವಾಗ ಕೈ ಕೆಳಗೆ 0, 0. ಎಂಟೂ ಸೊನ್ನೆ. ಅವಳ ತಾಯಿ ಬಂದಾಗ ಹೇಳಿದೆ. ಅವರಿಗೆ ನಂಬಿಕೆಯೇ ಆಗಲಿಲ್ಲ.

“ಏನ್ರೀ ಅಕ್ಕಾರ, ಮನ್ಯಾಗ ದಿನಾ ಕಟ್ಟಿ ಮ್ಯಾಲಿಂದ ಜಿಗಿತಾಳ್ರಿ ಆಕಿ! ಬ್ಯಾಡಂದ್ರೂ ಕೇಳಂಗಿಲ್ಲ.”

ತಾಯಿಯ ಮಾತನ್ನು ತಳ್ಳಿಹಾಕದೆ ಇದ್ದದ್ದು ಒಳ್ಳೆಯದಾಯಿತು. ಪಾಲಕರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೊವನ್ನು ನಿಧಾನ ಮಾಡಿ ನೋಡಿದೆ. ಮೊಣಕಾಲು ಚೆನ್ನಾಗಿಯೇ ಬಾಗಿತ್ತು. ಆದರೆ ಕೈಗಳು ಎರಡೂ ಬದಿಗೆ ಫ್ರಾಕನ್ನು ಹಿಡಿದುಕೊಂಡಿದ್ದವು. ಉದ್ದನೆಯ ಫ್ರಾಕು, ಮೇಲೆ ಹಾರೀತು ಎಂಬ ನಾಚಿಕೆ ಅವಳಿಗೆ. ಮರುದಿನ ಚಡ್ಡಿ, ಅಂಗಿ ಹಾಕಿ ಕಳಿಸಲು ಹೇಳಿದೆ. ಆ ದಿನ ಕೈ ಹಿಂದಕ್ಕೆ ಹೋಯಿತು, 1, 1. ಮೇಲಕ್ಕೂ ಒಂದು ಸಲ ಪೂರ್ತಿ ಚಾಚಿತು, 1, 0. ಆದರೆ ಪಾದಗಳು ಮತ್ತೆ ‘ಧಪ್-ಧಪ್’. ಎರಡೂ ಸಲ ಬಲಗಾಲು ಮುಂದೆ.

ಅಂದರೆ ಕೈಗಳ ಸೊನ್ನೆ ಬಟ್ಟೆಯದು, ಪಾದಗಳ ಸೊನ್ನೆ ಅವಳದು. ಕಟ್ಟೆಯ ಮೇಲಿಂದ ಅವಳು ಜಿಗಿಯುತ್ತಿದ್ದುದು ನಿಜ. ಆದರೆ ಅದು ಒಂದು ಕಾಲು ಮುಂದೆ ಹಾಕಿ ಕೆಳಗೆ ಇಳಿಯುವ ಹೆಜ್ಜೆ. ಎತ್ತರವೇ ಅವಳ ಕೆಲಸ ಮಾಡಿಕೊಡುತ್ತಿತ್ತು. ಸಮನೆಲದಲ್ಲಿ ಎರಡೂ ಕಾಲು ಒಟ್ಟಿಗೆ ನೆಲವನ್ನು ಒದೆಯಬೇಕು, ಅದು ಅವಳಿಗೆ ಬಂದಿರಲಿಲ್ಲ.

ಏನು ಆಡಿಸಬೇಕೆಂದು ಈಗ ಸ್ಪಷ್ಟವಾಯಿತು. ಮೊದಲು ಚೀಲದ ಓಟ ಯೋಚಿಸಿದೆ, ಗೋಣಿಚೀಲದಲ್ಲಿ ಕಾಲು ಬೇರೆಯಾಗುವುದಿಲ್ಲ ಎಂದು. ಆದರೆ ಚೀಲ ಹಿಡಿದ ಕೈ ಬೀಸುವುದು ನಿಂತೇ ಹೋಗುತ್ತದೆ, ಬಿದ್ದರೆ ಊರಲು ಕೈಯೂ ಇರುವುದಿಲ್ಲ. ಅದನ್ನು ಬಿಟ್ಟು, ಮಡಚಿದ ಕರವಸ್ತ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಬೀಳದಂತೆ ಮುಂದಕ್ಕೆ ಜಿಗಿಯುವ ಆಟ ಮಾಡಿದೆ. ನೆಲದ ಮೇಲೆ ಹಗ್ಗ ಹಾಸಿ ಅದನ್ನು ದಾಟುವುದು, ಆಮೇಲೆ ಎರಡು ಹಗ್ಗ ಇಟ್ಟು ನಡುವಿನ ‘ಹಳ್ಳ’ ದಾಟುವುದು. ವಾರಕ್ಕೆ ಮೂರು ದಿನ, ಹತ್ತು ನಿಮಿಷ, ಇಡೀ ತರಗತಿಯ ಜೊತೆಗೇ. ಅವಳೊಬ್ಬಳನ್ನೇ ಬೇರೆ ನಿಲ್ಲಿಸಲಿಲ್ಲ. ‘ಒಂದ ಸಪ್ಪಳ ಬರಬೇಕು’ ಎನ್ನುವುದು ಮಕ್ಕಳಿಗೆ ಆಟದ ನಿಯಮವಾಯಿತು, ಅವರೇ ಒಬ್ಬರಿಗೊಬ್ಬರು ಕಿವಿಗೊಟ್ಟು ಕೇಳತೊಡಗಿದರು. ಆರು ವಾರದ ನಂತರ ಅವಳ ಪಾದಗಳ ಸಾಲಿನಲ್ಲಿ 1, 1.

ಓಟದಲ್ಲಿ ನನ್ನ ತಪ್ಪು ಜಾಗದ್ದು. ಶಾಲೆಯ ಕಂಪೌಂಡಿಗೂ ಬೇವಿನ ಮರಕ್ಕೂ ನಡುವೆ ಎಂಟು ಮೀಟರ್ ಇತ್ತು, ಅಲ್ಲೇ ಓಡಿಸಿದೆ. ಗೋಡೆ ಎದುರಿಗಿದ್ದರೆ ಮಗು ಅರ್ಧದಲ್ಲೇ ವೇಗ ಇಳಿಸುತ್ತದೆ. ಓಟದ ಮುಖ್ಯ ಗುರುತೆಂದರೆ ಎರಡೂ ಪಾದ ಕ್ಷಣಕಾಲ ನೆಲ ಬಿಟ್ಟಿರುವುದು. ಅದಿಲ್ಲದಿದ್ದರೆ ಅದು ಬಿರುಸಾದ ನಡಿಗೆ. ಎಂಟು ಮೀಟರಿನಲ್ಲಿ ಅದು ಅನೇಕ ಮಕ್ಕಳಲ್ಲಿ ಕಾಣಲಿಲ್ಲ, ಬಯಲಿನಲ್ಲಿ 15 ಮೀಟರ್ ಓಟ, ನಿಲ್ಲಲು ಇನ್ನೂ 3 ಮೀಟರ್ ಕೊಟ್ಟಾಗ ಅವರಲ್ಲೇ ಕಂಡಿತು. ಉಳಿದ ಗುರುತುಗಳು: ಮೊಣಕೈ ಮಡಿಚಿ ಕೈ ಕಾಲಿಗೆ ಎದುರುಬದುರಾಗಿ ಆಡುವುದು, ಹಿಂದಿನ ಕಾಲು ಮಡಿಚಿ ಹಿಮ್ಮಡಿ ಮೇಲೆ ಬರುವುದು, ಪಾದ ಇಕ್ಕಟ್ಟಾದ ಗೆರೆಯಲ್ಲಿ, ಚಪ್ಪಟೆಯಾಗಿ ಬಡಿಯದೆ ಊರುವುದು. ಈ ಕೊನೆಯದಕ್ಕೆ ಚಪ್ಪಲಿ ಬಿಡಿಸಲೇಬೇಕು. ಹವಾಯಿ ಚಪ್ಪಲಿ ಜಾರದಂತೆ ಹಿಡಿಯಲು ಮಗು ಬೆರಳು ಬಿಗಿಮಾಡಿ ಇಡೀ ಪಾದ ಬಡಿಯುತ್ತದೆ. ಬರಿಗಾಲೆಂದರೆ ನಮ್ಮ ಕಡೆ ನೆಗ್ಗಿಲಮುಳ್ಳು ಇದ್ದೇ ಇರುತ್ತದೆ, ಹಾಗಾಗಿ ಹಿಂದಿನ ಸಂಜೆಯೇ ಜಾಗ ಗುಡಿಸಿಸುತ್ತೇನೆ. ಜೋಡಿಯಾಗಿ ಓಡಿಸುವುದನ್ನೂ ಬಿಟ್ಟೆ, ಪಕ್ಕದವನನ್ನು ನೋಡುತ್ತ ಓಡುವ ಮಗುವಿನ ಕೈ ಸರಿಯಾಗಿ ಆಡುವುದಿಲ್ಲ.

ಸಮತೋಲನ ಆ ಪರೀಕ್ಷೆಯಲ್ಲಿ ಇಲ್ಲ. ಒಂಟಿ ಕಾಲಿನ ನಿಲುವನ್ನು ನಾವೇ ಸೇರಿಸಿದೆವು. ಊರಿದ ಪಾದ ಅಲುಗದೆ ಚಪ್ಪಟೆ, ಎತ್ತಿದ ಕಾಲು ಇನ್ನೊಂದಕ್ಕೆ ಆನದೆ ಬೇರೆ, ಮೈ ನೆಟ್ಟಗೆ, ತಲೆ ಸ್ಥಿರ, ಕೈ ಬೀಸಾಡದೆ. ಹತ್ತು ಎಣಿಸುವವರೆಗೆ. ನಾಲ್ಕರ ಮಗು ಕೆಲವೇ ಸೆಕೆಂಡು ನಿಂತರೂ ನಾನು ಚಿಂತಿಸುವುದಿಲ್ಲ. ಆರರ ಹೊತ್ತಿಗೆ ಹತ್ತರ ಹತ್ತಿರ ಬರಬೇಕು. ಮೊದಮೊದಲು ಜೋರಾಗಿ ಎಣಿಸುತ್ತಿದ್ದೆ, ಮಕ್ಕಳೂ ತಲೆ ಆಡಿಸುತ್ತ ನನ್ನ ಜೊತೆ ಎಣಿಸಿ ಬೀಳುತ್ತಿದ್ದರು. ಈಗ ಮನಸ್ಸಿನಲ್ಲೇ ಎಣಿಸುತ್ತೇನೆ. ಗೋಡೆಗೆ ಮಗುವಿನ ಕಣ್ಣಿನ ಮಟ್ಟದಲ್ಲಿ ಒಂದು ಟಿಕಳಿ ಅಂಟಿಸಿ, ಅದನ್ನೇ ನೋಡು ಎನ್ನುತ್ತೇನೆ. ಇದೊಂದರಿಂದಲೇ ಕೆಲವರು ಎರಡು ಮೂರು ಸೆಕೆಂಡು ಹೆಚ್ಚು ನಿಂತರು.

ಎರಡೂ ಕಾಲನ್ನು ಬೇರೆ ಬೇರೆಯಾಗಿ ಬರೆಯಬೇಕೆನ್ನುವುದು ಒಬ್ಬ ಹುಡುಗನಿಂದ ಕಲಿತೆ. ಬಲಗಾಲಿನಲ್ಲಿ ಎಂಟು ಸೆಕೆಂಡು ನಿಂತವನು ಎಡಗಾಲಿನಲ್ಲಿ ಒಂದು ಸೆಕೆಂಡೂ ನಿಲ್ಲಲಿಲ್ಲ. ಮೂರು ಬೇರೆ ದಿನ ನೋಡಿದೆ, ಹಾಗೇ. ಸ್ವಲ್ಪ ವ್ಯತ್ಯಾಸ ಎಲ್ಲರಿಗೂ ಇರುತ್ತದೆ, ಇಷ್ಟಿದ್ದರೆ ಅದು ಆಡಿಸಿ ಸರಿಮಾಡುವ ವಿಷಯವೆಂದು ನಾನು ತೀರ್ಮಾನಿಸುವುದಿಲ್ಲ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡದ ವೈದ್ಯರು ಶಾಲೆಗೆ ಬಂದಾಗ ತಂದೆಯನ್ನೂ ಕರೆಸಿ, ಹಾಳೆ ಕೈಗೆ ಕೊಟ್ಟೆ. ಕಾರಣ ಏನಿರಬಹುದೆಂದು ನಾನು ಒಂದು ಮಾತೂ ಆಡಲಿಲ್ಲ, ಕಂಡದ್ದನ್ನು ತಾರೀಖಿನ ಸಮೇತ ತೋರಿಸಿದೆನಷ್ಟೇ. ಅವರು ಕಾಲನ್ನು ಪರೀಕ್ಷಿಸಿ ಮುಂದಿನ ತಪಾಸಣೆಗೆ ಬರೆದುಕೊಟ್ಟರು. ಮೊದಲ ವರ್ಷ ನಾನು ನೋಡದೆಯೇ ತುಂಬಿದ್ದಂಥ ‘ಹೌದು’ ಹಾಳೆಯಾಗಿದ್ದರೆ ಅವನ ಹೆಸರಿನ ಮುಂದೆಯೂ ‘ಒಂಟಿ ಕಾಲಲ್ಲಿ ನಿಲ್ಲುತ್ತದೆ: ಹೌದು’ ಎಂದೇ ಇರುತ್ತಿತ್ತು.

ಫ್ರಾಕಿನ ಹುಡುಗಿ ಈಗ ಒಂದನೇ ತರಗತಿ. ಕೊನೆಯ ಸಲ ನೋಡಿದಾಗ ಇಳಿಯುವಾಗ ಕೈ ಕೆಳಗೆ ಬರುವ ಸಾಲಿನಲ್ಲಿ ಮಾತ್ರ 0, 0 ಇತ್ತು. ಕೈಗಳು ಮೇಲೆಯೇ ಉಳಿದು, ಇಳಿದ ಮೇಲೆ ಎರಡು ಹೆಜ್ಜೆ ಮುಂದಕ್ಕೆ ಮುಗ್ಗರಿಸುತ್ತಿದ್ದಳು. ಅವಳ ಹೊಸ ಅಕ್ಕಾರಿಗೆ ಹಾಳೆ ಕೊಟ್ಟು, ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ.