ಲೆಕ್ಕದಲ್ಲಿ 60, ಮೇಜಿನ ಹತ್ತಿರ 23

ಕ್ಯಾಮೆರಾ ಮಾಡ್ಯೂಲ್ ಜೋಡಿಸುವ ಒಂದು ಕ್ಲೀನ್‌ರೂಮ್ ಕೋಣೆಗೆ ಗಾಳಿಯ ಲೆಕ್ಕ ಹಾಕಿದ್ದು ನಾನೇ. ಉದ್ದ 10 ಮೀಟರ್, ಅಗಲ 8, ಸೀಲಿಂಗ್ ಎತ್ತರ 2.7. ಒಟ್ಟು 216 ಘನ ಮೀಟರ್. ಜನ ಕೆಲಸ ಮಾಡುತ್ತಿರುವಾಗಲೇ ಐಎಸ್ಒ 7 ದರ್ಜೆಯ ಶುಚಿತ್ವ ಸಿಗಬೇಕಿತ್ತು. ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,52,000 ದಾಟಬಾರದು.

ಗಂಟೆಗೆ 60 ಏರ್ ಚೇಂಜ್ ಇಟ್ಟುಕೊಂಡೆ, ಅಂದರೆ ಕೋಣೆ ತುಂಬುವಷ್ಟು ಗಾಳಿ ಗಂಟೆಗೆ 60 ಸಲ. ಅದಕ್ಕೆ ಗಂಟೆಗೆ ಸುಮಾರು 13,000 ಘನ ಮೀಟರ್ ಗಾಳಿ ಬೇಕು. ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ಇರುವ ಫ್ಯಾನ್ ಫಿಲ್ಟರ್ ಯೂನಿಟ್ 14 ಹಾಕಿದೆವು. ಹುಡ್ ಹಿಡಿದು ಅಳೆದಾಗ ಒಂದೊಂದೂ ಗಂಟೆಗೆ 930ರ ಆಸುಪಾಸು ಕೊಡುತ್ತಿತ್ತು. ಸೀಲಿಂಗಿನಲ್ಲಿ ಫಿಲ್ಟರ್ ಆವರಿಸಿದ್ದು ಸುಮಾರು 12.6 ಶೇಕಡಾ.

ಕಣಗಳ ಲೆಕ್ಕವೂ ಸುಲಭ. ಕೋಣೆಯೊಳಗೆ ಹುಟ್ಟುವ ಕಣಗಳನ್ನು ಬರುವ ಗಾಳಿಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. 12 ಜನ, ಗೌನ್ ಹಾಕಿದ ಮೇಲೂ ತಲೆಗೆ ನಿಮಿಷಕ್ಕೆ 10 ಲಕ್ಷ ಕಣ ಅಂತ ಹಿಡಿದೆ. ಬಂದದ್ದು ಘನ ಮೀಟರಿಗೆ 55 ಸಾವಿರ. ಮಿತಿಯ ಆರನೇ ಒಂದು ಭಾಗಕ್ಕಿಂತ ಕಡಿಮೆ! ಇನ್ನೇನು ಬೇಕು ಅಂದುಕೊಂಡೆ.

80 ಚದರ ಮೀಟರಿಗೆ 16 ಜಾಗಗಳಲ್ಲಿ ಎಣಿಸಬೇಕು. 15ರಲ್ಲಿ ಪಾಸು. ಲೆನ್ಸ್ ಕೂರಿಸುವ ಮೇಜಿನ ಪಕ್ಕದ ಒಂದೇ ಒಂದು ಜಾಗದಲ್ಲಿ 4.1 ಲಕ್ಷ. ಇಡೀ ಕೋಣೆಯ ಸರಾಸರಿ ಎಷ್ಟೇ ಚೆನ್ನಾಗಿರಲಿ, ಒಂದು ಜಾಗ ಮಿತಿ ದಾಟಿದರೆ ಕೋಣೆಯೇ ಫೇಲ್. ಅದೂ ಎಲ್ಲಿ? ಕಣ ಬೀಳಲೇಬಾರದ ಕಡೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಫ್ಯಾನ್ ವೇಗ ಏರಿಸಿದೆ. ಏರ್ ಚೇಂಜ್ 71ಕ್ಕೆ ಹೋಯಿತು, ಸದ್ದು ಜಾಸ್ತಿಯಾಯಿತು, ಆ ಜಾಗದಲ್ಲಿ ಮಾತ್ರ 3.8 ಲಕ್ಷಕ್ಕೆ ಬಂದು ನಿಂತಿತು. ವೇಗ ಮತ್ತೆ ಇಳಿಸಿದೆ.

ಆಮೇಲೆ ರಿಕವರಿ ಟೆಸ್ಟ್ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಯೂನಿಟ್‌ಗಳನ್ನು ನಿಲ್ಲಿಸಿ, ಬಾಗಿಲು ತೆರೆದು, ಕೌಂಟರ್ 50 ಲಕ್ಷ ತೋರಿಸುವವರೆಗೆ ಹೊರಗಿನ ಗಾಳಿ ಬಿಟ್ಟುಕೊಂಡೆವು. ಎಣ್ಣೆಯ ಹೊಗೆ ಬಳಸಲಿಲ್ಲ, ಲೆನ್ಸ್ ಮೇಲೆ ಪೊರೆ ಕಟ್ಟಿದರೆ ಆ ರಗಳೆ ಬೇರೆ. ಬಾಗಿಲು ಹಾಕಿ, ಎಲ್ಲರೂ ಹೊರಬಂದು, ಯೂನಿಟ್ ಶುರು ಮಾಡಿ, ನಿಮಿಷಕ್ಕೊಮ್ಮೆ ಓದಿದೆವು. ಎಣಿಕೆ ನೂರನೇ ಒಂದು ಭಾಗಕ್ಕೆ, ಅಂದರೆ 50 ಸಾವಿರಕ್ಕೆ, ಇಳಿಯಲು ಎಷ್ಟು ನಿಮಿಷ ಬೇಕು ಅನ್ನುವುದೇ ಪ್ರಶ್ನೆ.

```
n = 60 × ln(C0/C1) / t
```

`C0` ಮೊದಲ ಎಣಿಕೆ, `C1` ಇಳಿದ ಮೇಲಿನ ಎಣಿಕೆ, `t` ನಿಮಿಷಗಳಲ್ಲಿ. `n` ಅಂದರೆ ಆ ಜಾಗಕ್ಕೆ ನಿಜವಾಗಿ ತಲುಪುತ್ತಿರುವ ಏರ್ ಚೇಂಜ್. ಕೋಣೆಯ ನಡುವೆ 4 ನಿಮಿಷ ಬಂತು, ಅಂದರೆ 69. ಲೆನ್ಸ್ ಮೇಜಿನ ಹತ್ತಿರ 12 ನಿಮಿಷ. ಅಂದರೆ 23! ಅಷ್ಟು ಗಾಳಿಗೆ ದುಡ್ಡು ಸುರಿದು ಆ ಮೂಲೆಗೆ ಅರ್ಧವನ್ನೂ ಮುಟ್ಟಿಸಿರಲಿಲ್ಲ.

ನೀರಿನ ಮಂಜು ಬಿಟ್ಟು ನೋಡಿದಾಗ ಕಾರಣ ಕಣ್ಣಿಗೇ ಬಿತ್ತು. ಫಿಲ್ಟರ್‌ಗಳು ಮೂರು ಸಾಲಿನಲ್ಲಿ 5, 4, 5 ಅಂತ ಅಂದವಾಗಿ ಇದ್ದವು. ನಕ್ಷೆಯಲ್ಲಿ ನೋಡಲು ಚೆಂದ. ಆದರೆ ಗಾಳಿ ಹೊರಹೋಗುವ ರಿಟರ್ನ್ ಗ್ರಿಲ್ ಇದ್ದದ್ದು ಒಂದೇ ಗೋಡೆಯಲ್ಲಿ, ಮೇಜುಗಳು ಎದುರು ಗೋಡೆಗೆ. ಗ್ರಿಲ್ ಕಡೆಯ ಐದು ಫಿಲ್ಟರ್‌ಗಳ ಗಾಳಿ ಕೆಳಗಿಳಿದು ಸೀದಾ ಗ್ರಿಲ್‌ಗೆ ಹೋಗುತ್ತಿತ್ತು, ಕೆಲಸವಿಲ್ಲದೆ ಬಂದು ಹೋದ ನೆಂಟನ ಹಾಗೆ. ಮೇಜಿನ ಕಡೆ ಮಂಜು ಇಳಿದು, ಗೋಡೆಗೆ ತಾಗಿ, ಕೂತವರ ಎದೆಮಟ್ಟದಲ್ಲಿ ಮೆಲ್ಲಗೆ ಸುತ್ತುತ್ತಾ ನಿಂತಿತ್ತು. ಅವರ ತೋಳಿನಿಂದ ಉದುರಿದ ಕಣವೂ ಅಲ್ಲೇ ಸುತ್ತುತ್ತಿತ್ತು ಅಲ್ವಾ?

ಹೊಸ ಫಿಲ್ಟರ್ ಒಂದೂ ತರಲಿಲ್ಲ. ಗ್ರಿಲ್ ಕಡೆಯ ನಾಲ್ಕನ್ನು ಮೇಜುಗಳ ಮೇಲಕ್ಕೆ ಸರಿಸಿದೆವು, ಸಾಲು 9, 4, 1 ಆಯಿತು. ಮೇಜುಗಳ ಮೇಲಿನ 2 ಮೀಟರ್ ಪಟ್ಟಿಯಲ್ಲಿ ಫಿಲ್ಟರ್ ಪಾಲು 18ರಿಂದ 32 ಶೇಕಡಾ ಆಯಿತು. ಒಟ್ಟು ಕೋಣೆಯದ್ದು ಅದೇ 12.6. ಜೊತೆಗೆ ಮೇಜಿನ ಹಿಂದಿನ ಗೋಡೆಯಲ್ಲೂ ನೆಲದಿಂದ ಸ್ವಲ್ಪವೇ ಮೇಲೆ ರಿಟರ್ನ್ ಕೊಟ್ಟು, ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆವು. ಈ ರಿಟರ್ನ್ ಇಲ್ಲದೆ ಸುಮ್ನೆ ಫಿಲ್ಟರ್ ಸರಿಸಿದ್ದರೆ ಸುಳಿ ಇನ್ನೂ ಜೋರಾಗುತ್ತಿತ್ತು ಅಂತಲೇ ನನ್ನ ಅನಿಸಿಕೆ.

ಅದೇ 60 ಏರ್ ಚೇಂಜ್‌ನಲ್ಲಿ ಮತ್ತೆ ಅಳೆದೆವು. ಲೆನ್ಸ್ ಮೇಜಿನ ರಿಕವರಿ ಐದೂವರೆ ನಿಮಿಷ, ಅಂದರೆ 50. ಕೆಲಸ ನಡೆಯುತ್ತಿರುವಾಗ ಎಣಿಕೆ 64 ಸಾವಿರ. ಗ್ರಿಲ್ ಕಡೆ ನಡೆದಾಡುವ ಜಾಗದಲ್ಲಿ ಎಣಿಕೆ ಏರಿ 1.2 ಲಕ್ಷವಾಯಿತು. ಅಲ್ಲಿ ಯಾರೂ ಲೆನ್ಸ್ ತೆರೆಯುವುದಿಲ್ಲ, ಹಾಗೇ ಬಿಟ್ಟೆ.

ಕೆಲವು ತಿಂಗಳ ನಂತರ ಅದೇ ಮೇಜಿನಲ್ಲಿ ರಿಕವರಿ 8 ನಿಮಿಷಕ್ಕೆ ಹೋಗಿತ್ತು. ಬಗ್ಗಿ ನೋಡಿದರೆ ಹೊಸ ರಿಟರ್ನ್ ಗ್ರಿಲ್‌ಗೆ ಒತ್ತಿ ಎರಡು ಖಾಲಿ ಟ್ರೇ ಕ್ರೇಟ್ ಇಟ್ಟಿದ್ದರು.