ಮೂರು ಫಂಡ್, ಒಳಗೆ ಅದೇ ಷೇರು: ಓವರ್‌ಲ್ಯಾಪ್ ಲೆಕ್ಕ ಹಾಕಿದ ಬಗೆ

ಸಮಸ್ಯೆ: ಬೇರೆ ಬೇರೆ ಕಂಪನಿಗಳ ಮೂರು ಲಾರ್ಜ್ ಕ್ಯಾಪ್ ಫಂಡ್ ಇದ್ದರೂ ಮೂರೂ ಒಂದೇ ದಿನ ಏರುತ್ತವೆ, ಒಂದೇ ದಿನ ಇಳಿಯುತ್ತವೆ. ಕಾರಣ ಸೆಬಿಯ ನಿಯಮದಲ್ಲೇ ಇದೆ. ಲಾರ್ಜ್ ಕ್ಯಾಪ್ ಫಂಡ್ ತನ್ನ ಹಣದ ಕನಿಷ್ಠ 80% ಅನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಲ್ಲೇ ಇಡಬೇಕು. ಮ್ಯಾನೇಜರ್ ಯಾರೇ ಆಗಲಿ, ಆರಿಸುವ ಬುಟ್ಟಿ ಒಂದೇ.

ಪ್ರತಿ ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ತಿಂಗಳ ಪೋರ್ಟ್‌ಫೋಲಿಯೊ ಎಕ್ಸೆಲ್ ಕಡತ ಸಿಗುತ್ತದೆ. ಒಂದು ಸಲಕ್ಕೆ ಎರಡು ಫಂಡ್ ಹೋಲಿಸಿ, ಎರಡರದ್ದೂ ಒಂದೇ ತಿಂಗಳದ್ದಿರಲಿ. ಎರಡು ಶೀಟಿನಲ್ಲೂ A ಕಾಲಮ್‌ಗೆ ಪ್ರತಿ ಷೇರಿನ ಗುರುತಿನ ಸಂಖ್ಯೆಯಾದ ISIN, B ಕಾಲಮ್‌ಗೆ ಶೇಕಡಾ ಪಾಲು ಹಾಕಿ, ಎರಡನೆಯದಕ್ಕೆ Second ಎಂದು ಹೆಸರಿಡಿ. ಮೊದಲ ಶೀಟಿನ C2ರಲ್ಲಿ:

```
=IFERROR(MIN(B2,VLOOKUP(A2,Second!A:B,2,FALSE)),0)
```

ಕೆಳಗಿನವರೆಗೂ ಎಳೆದು C ಕಾಲಮ್ ಕೂಡಿಸಿದರೆ ಓವರ್‌ಲ್ಯಾಪ್ ಸಿಕ್ಕಿತು. ಉದಾಹರಣೆಗೆ ಒಂದು ಬ್ಯಾಂಕ್ ಷೇರು ಮೊದಲನೆಯದರಲ್ಲಿ 9%, ಎರಡನೆಯದರಲ್ಲಿ 6% ಇದ್ದರೆ ಲೆಕ್ಕಕ್ಕೆ ಬರುವುದು 6 ಮಾತ್ರ. ಎರಡರಲ್ಲೂ ಇರುವ ಷೇರುಗಳ ಸಂಖ್ಯೆ ಎಣಿಸುವುದು ದಾರಿ ತಪ್ಪಿಸುತ್ತದೆ: ತಲಾ 0.3% ಇರುವ ಮೂವತ್ತು ಷೇರು ಎರಡರಲ್ಲೂ ಇದ್ದರೂ ಒಟ್ಟು 9% ಮಾತ್ರ.

ಕಂಪನಿ ಹೆಸರಿನಿಂದ ಹೋಲಿಸಬೇಡಿ. ಒಬ್ಬರು Ltd ಬರೆದರೆ ಇನ್ನೊಬ್ಬರು Limited. ಮೊತ್ತ ಸೊನ್ನೆ ಬಂದರೆ ISIN ಹಿಂದೆ ಖಾಲಿ ಜಾಗ ಸೇರಿದೆಯೇ ನೋಡಿ, TRIM ಬಳಸಿ.

50% ದಾಟಿದರೆ ನನ್ನ ಮಟ್ಟಿಗೆ ಎರಡರಲ್ಲಿ ಒಂದು ಸಾಕು. ಪರಿಹಾರವಾಗಿ ಒಂದರ ಎಸ್‌ಐಪಿ ನಿಲ್ಲಿಸಿದ್ದಾಯಿತು. ಹಳೆಯ ಯುನಿಟ್‌ಗಳನ್ನು ಸ್ವಿಚ್ ಮಾಡಿದರೂ ತೆರಿಗೆಯ ಕಣ್ಣಲ್ಲಿ ಅದು ಮಾರಾಟವೇ, ಹಾಗಾಗಿ ಅವನ್ನು ಮುಟ್ಟಲಿಲ್ಲ. ಆ ಎಸ್‌ಐಪಿ ಹಣ ಈಗ ನಿಫ್ಟಿ ನೆಕ್ಸ್ಟ್ 50 ಇಂಡೆಕ್ಸ್ ಫಂಡಿಗೆ. ನಿಫ್ಟಿ 50ರಲ್ಲಿರುವ ಯಾವ ಕಂಪನಿಯೂ ಆ ಸೂಚ್ಯಂಕದಲ್ಲಿ ಇರುವುದಿಲ್ಲ.