ಖಾಲಿ ಬಾಟ್ಲಿಯ ಡಿಪಾಸಿಟ್: ನಮ್ಮ ಸೋಡಾ ಫ್ಯಾಕ್ಟರಿಯ ಲೆಕ್ಕ

ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಸೋಡಾ ಫ್ಯಾಕ್ಟರಿ ಇದೆ. ಸಾದಾ ಸೋಡಾ, ನಿಂಬು ಸೋಡಾ, ಜೀರಾ ಸೋಡಾ ಮಾಡುತ್ತೇವೆ. ಎಲ್ಲವೂ 200 ಮಿಲಿಯ ಗಾಜಿನ ಬಾಟ್ಲಿಯಲ್ಲಿ, ಕ್ರೇಟಿಗೆ 24. ಗಿರಾಕಿ ಸೋಡಾ ಕೊಳ್ಳುತ್ತಾನೆ, ಬಾಟ್ಲಿ ನಮ್ಮದಾಗಿಯೇ ಉಳಿಯುತ್ತದೆ. ಅದು ವಾಪಸ್ ಬಂದರೆ ತೊಳೆದು ಮತ್ತೆ ತುಂಬುತ್ತೇವೆ. ಬಾರದಿದ್ದರೆ ಹೊಸದು ಕೊಳ್ಳಬೇಕು, ಆಗ ಒಂದು ಸೋಡಾದಲ್ಲಿ ಸಿಗುವ ಲಾಭ ಎಲ್ಲಿಗೂ ಸಾಲದು. ಅದಕ್ಕೇ ಡಿಪಾಸಿಟ್ ತಗೊಳ್ಳುವುದು.

ಈಗ ನಮ್ಮ ದರ ಬಾಟ್ಲಿಗೆ 10 ರೂಪಾಯಿ, ಖಾಲಿ ಕ್ರೇಟಿಗೆ 160. ಅಂದರೆ ತುಂಬಿದ ಒಂದು ಕ್ರೇಟ್ ಹೊರಗೆ ಹೋದರೆ 240 ಮತ್ತು 160 ಸೇರಿ 400 ರೂಪಾಯಿ ಡಿಪಾಸಿಟ್. ಸೋಡಾದ ಬೆಲೆ ಬೇರೆ. ಈ ದರವನ್ನು ಹೊಸ ಬಾಟ್ಲಿ ನಮಗೆ ಬೀಳುವ ಬೆಲೆ ನೋಡಿ ಇಟ್ಟಿದ್ದೇವೆ. ತೀರಾ ಕಡಿಮೆ ಇಟ್ಟರೆ ಬಾಟ್ಲಿ ವಾಪಸ್ ತರುವ ಗೋಜಿಗೆ ಯಾರೂ ಹೋಗುವುದಿಲ್ಲ. ಹೊಸ ಬಾಟ್ಲಿಯ ಬೆಲೆಗಿಂತ ಜಾಸ್ತಿ ಇಟ್ಟರೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಬಾಟ್ಲಿಯೆಲ್ಲ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಹೊಸ ಬಾಟ್ಲಿಯ ಬೆಲೆಗಿಂತ ಸ್ವಲ್ಪ ಕೆಳಗೆ ಇಡುವುದು ಸರಿ ಅಂತ ನನ್ನ ಅಭಿಪ್ರಾಯ. ನಮ್ಮ ಬಾಟ್ಲಿಯ ಮೇಲೆ ನಮ್ಮ ಹೆಸರು ಉಬ್ಬು ಅಕ್ಷರದಲ್ಲಿದೆ, ಅದಿಲ್ಲದ್ದನ್ನು ನಾವು ತಗೊಳ್ಳುವುದೇ ಇಲ್ಲ.

ಅಂಗಡಿಯವರ ಲೆಕ್ಕ ಸರಳ. ಮೊದಲ ಸಲ ಮಾಲು ತಗೊಳ್ಳುವಾಗ ಡಿಪಾಸಿಟ್ ಕಟ್ಟುತ್ತಾರೆ. ಆಮೇಲೆ ಎರಡು ಖಾಲಿ ಕ್ರೇಟ್ ಕೊಟ್ಟು ಎರಡು ತುಂಬಿದ ಕ್ರೇಟ್ ಇಳಿಸಿಕೊಂಡರೆ ಸೋಡಾದ ದುಡ್ಡಷ್ಟೇ, ಡಿಪಾಸಿಟ್ ಅಲ್ಲಾಡುವುದಿಲ್ಲ. ಬೇಸಿಗೆಯಲ್ಲಿ ಎರಡರ ಬದಲು ನಾಲ್ಕು ಬೇಕಾದರೆ ಹೆಚ್ಚಿನ ಎರಡಕ್ಕೆ 800 ರೂಪಾಯಿ ಕಟ್ಟಬೇಕು. ಪ್ರತಿ ಗಿರಾಕಿಯ ಖಾತೆಯಲ್ಲಿ ಮೂರು ಕಾಲಂ ಇಟ್ಟಿದ್ದೇನೆ: ಅವರ ಹತ್ತಿರ ಇರುವ ಬಾಟ್ಲಿ, ಅವರ ಹತ್ತಿರ ಇರುವ ಕ್ರೇಟ್, ನಮ್ಮ ಹತ್ತಿರ ಇರುವ ಅವರ ಡಿಪಾಸಿಟ್. ಬಾಟ್ಲಿಯನ್ನು 10ರಿಂದ, ಕ್ರೇಟನ್ನು 160ರಿಂದ ಗುಣಿಸಿ ಕೂಡಿಸಿದರೆ ಮೂರನೇ ಕಾಲಂ ಬರಲೇಬೇಕು. ಬರಲಿಲ್ಲ ಅಂದರೆ ಎಲ್ಲೋ ಚೀಟಿ ತಪ್ಪಿದೆ, ಇಲ್ಲವೇ ಯಾರೋ ಬಾಟ್ಲಿ ಎಣಿಸಿಲ್ಲ ಅಂತ ಅದೇ ದಿನ ಗೊತ್ತಾಗುತ್ತದೆ.

ಬಾಟ್ಲಿ ಮತ್ತು ಕ್ರೇಟನ್ನು ಬೇರೆ ಬೇರೆ ಬರೆಯಲು ಕಾರಣವಿದೆ. ಇವೆರಡೂ ಒಟ್ಟಿಗೆ ಕಳೆದುಹೋಗುವುದಿಲ್ಲ. ಬಾಟ್ಲಿ ಒಡೆಯುತ್ತದೆ. ಕ್ರೇಟ್ ಒಡೆಯುವುದು ಅಪರೂಪ, ಅದು ಬೇರೆ ಕೆಲಸಕ್ಕೆ ಹೋಗುತ್ತದೆ. ಟೊಮೇಟೊ ಇಡಲು, ಗಿರಾಕಿ ಕೂರಲು, ಮೇಲಿನ ಕಪಾಟಿಗೆ ಕೈ ಸಿಗಲಿ ಅಂತ ಹತ್ತಿ ನಿಲ್ಲಲು, ಎಲ್ಲದಕ್ಕೂ ಅದೇ ಬೇಕು. ಬಾಟ್ಲಿಗಳು ಚೀಲದಲ್ಲಿ ವಾಪಸ್ ಬರುತ್ತವೆ, ಕ್ರೇಟ್ ಅಂಗಡಿಯಲ್ಲೇ ಇರುತ್ತದೆ. ಒಂದೇ ಕಾಲಂ ಇದ್ದರೆ ಇದು ಕಾಣುವುದಿಲ್ಲ.

ಒಂದು ವಿಷಯದಲ್ಲಿ ನಾನು ಬಿಗಿ. ಸೋಡಾ ಉದ್ರಿ ಕೊಡುತ್ತೇನೆ, ಬಾಟ್ಲಿ ಉದ್ರಿ ಕೊಡುವುದಿಲ್ಲ. "ಏನಣ್ಣಾ, ಇಷ್ಟು ವರ್ಷದ ಗುರ್ತ ಐತಿ, ನಮ್ಮ ಮ್ಯಾಗ ನಂಬಿಕಿ ಇಲ್ಲೇನ್ರಿ?" ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: "ಸೋಡಾದ ರೊಕ್ಕ ಮುಂದಿನ ವಾರ ಕೊಡ್ರಿ, ಡಿಪಾಸಿಟ್ ಮಾತ್ರ ಈಗ ಇಡ್ರಿ. ಅದು ನಿಮ್ಮ ರೊಕ್ಕನೇ, ನನ್ನ ಕಡೆ ಇರತೈತಿ." ಸೋಡಾದ ಬಾಕಿ ಕೇಳಿದರೆ ಇವತ್ತಲ್ಲ ನಾಳೆ ಬರುತ್ತದೆ. ಡಿಪಾಸಿಟ್ ಇಲ್ಲದೆ ಹೋದ ಬಾಟ್ಲಿಯನ್ನು ಯಾರೂ ಎಣಿಸಿ ಇಡುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಡಿಪಾಸಿಟ್ ಹಣ ಎಲ್ಲಿ ಇಡಬೇಕು? ನಾವು ಅದಕ್ಕೆ ಬೇರೆಯೇ ಬ್ಯಾಂಕ್ ಖಾತೆ ಮಾಡಿದ್ದೇವೆ. ಯಾಕೆ ಅನ್ನುವುದು ನಮ್ಮ ಭಾಗದ ಹವೆಯಲ್ಲೇ ಇದೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲು, ಮದುವೆ, ಜಾತ್ರೆ. ಎಲ್ಲರೂ ಹೆಚ್ಚು ಕ್ರೇಟ್ ಎತ್ತುತ್ತಾರೆ, ಡಿಪಾಸಿಟ್ ಒಳಗೆ ಬರುತ್ತಲೇ ಇರುತ್ತದೆ. ಮೇ ಕೊನೆಗೆ 400 ಕ್ರೇಟ್ ಹೊರಗಿದ್ದರೆ ನಮ್ಮ ಹತ್ತಿರ ಜನರ 1,60,000 ರೂಪಾಯಿ ಇರುತ್ತದೆ. ಮುಂಗಾರು ಹಿಡಿದ ಮೇಲೆ ಸೋಡಾ ಯಾರು ಕುಡಿಯುತ್ತಾರೆ? ಹೊರಗೆ 150 ಕ್ರೇಟ್ ಸಾಕಾಗುತ್ತದೆ. ಉಳಿದ 250 ಕ್ರೇಟನ್ನು ಅಂಗಡಿಯವರು ಜಾಗ ಖಾಲಿ ಮಾಡಲು ವಾಪಸ್ ಕಳಿಸುತ್ತಾರೆ. ಅಂದರೆ ವರ್ಷದಲ್ಲೇ ವ್ಯಾಪಾರ ಕಡಿಮೆ ಇರುವ ವಾರಗಳಲ್ಲಿ ನಾವು 1,00,000 ರೂಪಾಯಿ ಹೊರಗೆ ಕೊಡಬೇಕು. ಬೇಸಿಗೆಯಲ್ಲಿ ಆ ದುಡ್ಡನ್ನು ಸಕ್ಕರೆಗೆ, ಗ್ಯಾಸಿಗೆ, ಆಳಿನ ಪಗಾರಕ್ಕೆ ಹಾಕಿದವರು ಜೂನ್‌ನಲ್ಲಿ "ಮುಂದಿನ ವಾರ ಬನ್ನಿ" ಅನ್ನಬೇಕಾಗುತ್ತದೆ. ಹೀಗೆ ಒಂದು ಅಂಗಡಿಗೆ ಹೇಳಿದರೆ ಸಾಕು, ಸುದ್ದಿ ಮಾರ್ಕೆಟ್ ತುಂಬ ಹರಡಿ ಎಲ್ಲರೂ ಒಂದೇ ದಿನ ಖಾಲಿ ಬಾಟ್ಲಿ ತಂದು ನಿಲ್ಲುತ್ತಾರೆ. ನಾವು ವಾಪಸಾತಿಯನ್ನು ನಿಂತ ಜಾಗದಲ್ಲೇ ಕೊಡುತ್ತೇವೆ. ಟಂಟಂ ಓಡಿಸುವ ಹುಡುಗನ ಹತ್ತಿರವೂ ಅದಕ್ಕೇ ಅಂತ ಸ್ವಲ್ಪ ಹಣ ಇರುತ್ತದೆ.

ಲೆಕ್ಕದ ಪುಸ್ತಕದಲ್ಲೂ ಅದು ಮಾರಾಟ ಅಲ್ಲ, ನಾವು ಕೊಡಬೇಕಾದ ಬಾಕಿ. ಜಿಎಸ್‌ಟಿಯೂ ಹಾಗೇ ನೋಡುತ್ತದೆ. 2017ರ ಸಿಜಿಎಸ್‌ಟಿ ಕಾಯ್ದೆಯ ಕಲಂ 2(31)ರ ಪ್ರಕಾರ, ಸರಕಿಗೆ ಸಂಬಂಧಿಸಿ ಇಟ್ಟ ಡಿಪಾಸಿಟ್ಟನ್ನು ಮಾರುವವನು ಬೆಲೆಯಾಗಿ ಹಿಡಿದುಕೊಳ್ಳುವ ತನಕ ಅದು ಆ ಸರಕಿಗೆ ಕೊಟ್ಟ ದುಡ್ಡು ಅಲ್ಲ. ಹಾಗಾಗಿ ಬಿಲ್ಲಿನಲ್ಲಿ ಸೋಡಾದ ಬೆಲೆ ಮತ್ತು ತೆರಿಗೆ ಮುಗಿದ ಮೇಲೆ, ಕೆಳಗೆ ಬೇರೆ ಸಾಲಿನಲ್ಲಿ ಡಿಪಾಸಿಟ್ ಬರೆಯುತ್ತೇವೆ.

ಎಲ್ಲಕ್ಕಿಂತ ಕಷ್ಟದ ಲೆಕ್ಕ ಮದುವೆಯದು. ಅಂಗಡಿಯವರಿಗೆ ಬಾಟ್ಲಿಯ ಬೆಲೆ ಗೊತ್ತು, ಮದುವೆ ಮನೆಯಲ್ಲಿ ಅದನ್ನು ನೋಡಿಕೊಳ್ಳುವವರೇ ಇರುವುದಿಲ್ಲ. ಹೋದ ಬೇಸಿಗೆಯ ಒಂದು ಆರ್ಡರ್ ಹೇಳುತ್ತೇನೆ. ಮುಳಗುಂದ ನಾಕಾ ಕಡೆಯ ಒಂದು ಕಲ್ಯಾಣ ಮಂಟಪಕ್ಕೆ 20 ಕ್ರೇಟ್, ಅಂದರೆ 480 ಬಾಟ್ಲಿ ಕಳಿಸಿದೆವು. ಡಿಪಾಸಿಟ್ 8,000. ಹುಡುಗಿಯ ಸೋದರಮಾವ ಬಂದು ಕಟ್ಟಿದರು, ಚೀಟಿ ಅವರ ಹೆಸರಿನಲ್ಲೇ ಬರೆದೆವು. ಇದು ಮುಖ್ಯ. ಮದುವೆ ಮುಗಿದ ಮೇಲೆ ವಾಪಸಾತಿ ಕೇಳಲು ಅಡುಗೆಯವರು, ಮಂಟಪದ ಮ್ಯಾನೇಜರ್, ಹುಡುಗನ ಕಡೆಯವರು ಯಾರು ಬೇಕಾದರೂ ಬರಬಹುದು. ಚೀಟಿಯಲ್ಲಿ ಹೆಸರಿದ್ದವರಿಗೇ ಹಣ.

ಮಾರನೇ ದಿನ 20 ಕ್ರೇಟೂ ಬಂದವು. ಅದರಲ್ಲಿ ಮೂರು ಕ್ರೇಟ್ ಮುಟ್ಟೇ ಇರಲಿಲ್ಲ, 72 ಬಾಟ್ಲಿಯ ಬಿರಡೆಯೂ ಹಾಗೇ ಇತ್ತು. ಅವುಗಳ ಸೋಡಾದ ಬೆಲೆಗೆ ಬೇರೆ ಕ್ರೆಡಿಟ್ ನೋಟ್ ಮಾಡಿದೆವು, ಡಿಪಾಸಿಟ್ ಲೆಕ್ಕಕ್ಕೆ ಅದನ್ನು ಬೆರೆಸಲಿಲ್ಲ. ಇನ್ನು 408 ಖಾಲಿ ಬಾಟ್ಲಿ ಬರಬೇಕಿತ್ತು. ದೂರದಿಂದ ನೋಡಿದರೆ ಕ್ರೇಟುಗಳು ಹೆಚ್ಚುಕಡಿಮೆ ತುಂಬಿಯೇ ಇದ್ದವು. ಆದರೆ ಒಂದೊಂದೇ ಎತ್ತಿ ನೋಡುವುದು ನಮ್ಮ ಪದ್ಧತಿ. ಐದು ಬಾಟ್ಲಿ ಬೇರೆ ಕಂಪನಿಯವು, ಕ್ರೇಟಿನ ಖಾಲಿ ಮನೆಗಳಲ್ಲಿ ಯಾರೋ ಇಟ್ಟಿದ್ದರು. ನಮ್ಮ 408ರಲ್ಲಿ ಆರರ ಬಾಯಿ ಚಕ್ಕೆ ಎದ್ದಿತ್ತು. 11 ಇರಲೇ ಇಲ್ಲ. ಸರಿಯಾಗಿ ಬಂದದ್ದು 391.

ಬಾಯಿ ನೋಡುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಹೆಬ್ಬೆರಳಿನ ಉಗುರನ್ನು ಬಾಯಿಯ ಅಂಚಿಗೆ ಒತ್ತಿ ಬಾಟ್ಲಿಯನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಬೇಕು. ಚಕ್ಕೆ ಎದ್ದಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಚಕ್ಕೆಯೂ ಸಿಗುತ್ತದೆ. ಅಂಥ ಬಾಯಿಗೆ ಬಿರಡೆ ಸರಿಯಾಗಿ ಕೂರುವುದಿಲ್ಲ, ಗ್ಯಾಸ್ ಸೋರಿ ಸೋಡಾ ಸಪ್ಪೆಯಾಗುತ್ತದೆ. ಗಾಜಿನ ಚೂರು ಒಳಗೆ ಬೀಳುವ ಭಯ ಬೇರೆ. ಆಮೇಲೆ ಮೂಗಿನ ಹತ್ತಿರ ಹಿಡಿಯಬೇಕು. ಮನೆಗಳಲ್ಲಿ ಈ ಬಾಟ್ಲಿಯಲ್ಲಿ ಸೀಮೆಎಣ್ಣೆ, ಫಿನಾಯಿಲ್ ಹಾಕಿಡುವವರಿದ್ದಾರೆ. ಆ ವಾಸನೆಯನ್ನು ನಾವು ತೊಳೆಯುವ ಬಿಸಿ ನೀರು, ಕಾಸ್ಟಿಕ್ ಸೋಡಾ ಕೂಡ ಪೂರ್ತಿ ತೆಗೆಯುತ್ತದೆ ಅಂತ ನಾನು ನಂಬುವುದಿಲ್ಲ, ಅದನ್ನು ಪಕ್ಕಕ್ಕೆ ಇಡುತ್ತೇನೆ. ಆದರೆ ಭುಜ ಮತ್ತು ತಳದ ಸುತ್ತ ಕಾಣುವ ಬಿಳಿ ಗೀರಿನ ಪಟ್ಟಿಗೆ ಗಿರಾಕಿಯಿಂದ ಒಂದು ಪೈಸೆ ಹಿಡಿಯಬಾರದು. ಬಾಟ್ಲಿಗೆ ಬಾಟ್ಲಿ ಉಜ್ಜಿ ಆದ ಸವೆತ ಅದು, ನಮ್ಮ ಖರ್ಚು.

ಸೋದರಮಾವನ ಎದುರಿಗೇ ಎಲ್ಲ ಎಣಿಸಿದೆವು. ಬಾರದ 11, ಚಕ್ಕೆ ಎದ್ದ 6, ಒಟ್ಟು 17 ಬಾಟ್ಲಿಗೆ 170 ರೂಪಾಯಿ ಹಿಡಿದು 7,830 ವಾಪಸ್ ಕೊಟ್ಟೆವು. ಬೇರೆ ಕಂಪನಿಯ ಐದು ಬಾಟ್ಲಿ ಅವರ ಕೈಗೇ ಕೊಟ್ಟೆವು. ಚಕ್ಕೆ ಎದ್ದ ಬಾಟ್ಲಿಯಲ್ಲಿ ಒಂದನ್ನು ಅವರ ಉಗುರಿಗೇ ಕೊಟ್ಟು ತೋರಿಸಿದ ಮೇಲೆ ಮಾತೇ ಬೆಳೆಯಲಿಲ್ಲ. ಎಣಿಕೆ ಹಿಂದೆ, ಹಣ ಮುಂದೆ ಆದರೆ ಜಗಳ ಖಂಡಿತ. ಹಿಡಿದ 170 ರೂಪಾಯಿ ಇನ್ನು ಡಿಪಾಸಿಟ್ ಅಲ್ಲ, 17 ಬಾಟ್ಲಿಯ ಬೆಲೆ. ನಮ್ಮ ಸಿಎ ಹೇಳಿದಂತೆ ಅದಕ್ಕೆ ಬಿಲ್ ಮಾಡಿ, ತೆರಿಗೆಯನ್ನು ಆ ಮೊತ್ತದ ಒಳಗಿಂದಲೇ ಕಟ್ಟಿ, ಉಳಿದದ್ದನ್ನು ಡಿಪಾಸಿಟ್ ಖಾತೆಯಿಂದ ನಮ್ಮ ಖಾತೆಗೆ ತಗೊಂಡೆವು.

ದರ ಏರಿಸುವಾಗ ಇನ್ನೂ ಎಚ್ಚರ ಬೇಕು. ಮೊದಲು ನಮ್ಮದು ಬಾಟ್ಲಿಗೆ 8 ರೂಪಾಯಿ ಇತ್ತು. 8ಕ್ಕೆ ಹೋದ ಬಾಟ್ಲಿ, 10ಕ್ಕೆ ಹೋದ ಬಾಟ್ಲಿ ನೋಡಲು ಒಂದೇ. ಮುಂಚೆಯೇ ಹೇಳಿಬಿಟ್ಟರೆ ಎಲ್ಲರೂ ಬಾಟ್ಲಿ ಕೂಡಿಟ್ಟು, ಏರಿದ ಮೇಲೆ ತಂದು 10 ಕೇಳುತ್ತಾರೆ. ಅದು ಅವರ ತಪ್ಪಲ್ಲ. ಹಾಗಾಗಿ ಒಂದು ರಾತ್ರಿ ಎಲ್ಲರ ಖಾತೆಗೆ ಗೆರೆ ಎಳೆದೆವು. ಬೆಳಿಗ್ಗೆ ಟಂಟಂ ಹೋದಾಗ 96 ಬಾಟ್ಲಿ ಇದ್ದ ಅಂಗಡಿಯಿಂದ 2 ರೂಪಾಯಿಯಂತೆ 192 ವ್ಯತ್ಯಾಸ ತಗೊಂಡೆವು. ಒಪ್ಪದವರಿಗೆ ಅವತ್ತೇ ಖಾಲಿ ಬಾಟ್ಲಿ ಕೊಟ್ಟು 8ರಂತೆ ವಾಪಸ್ ತಗೊಳ್ಳಿ ಅಂದೆವು. ಕೌಂಟರಿನಲ್ಲಿ ಒಂದೆರಡು ಬಾಟ್ಲಿ ಒಯ್ಯುವವರ ಚೀಟಿಯಲ್ಲಿ ದರ ಅಚ್ಚಾಗಿರುತ್ತದೆ, ಅದೇ ದರ ವಾಪಸ್. ಚೀಟಿ ಇಲ್ಲದೆ ಬಂದ ಬಾಟ್ಲಿಗೆ ದುಡ್ಡು ಕೊಡುವುದಿಲ್ಲ, ಅದರ ಬದಲಿಗೆ ತುಂಬಿದ ಬಾಟ್ಲಿ ಕೊಂಡರೆ ಡಿಪಾಸಿಟ್ ಕೇಳುವುದಿಲ್ಲ.

ಇನ್ನೊಂದು ಸಂದರ್ಭ ಆಗಾಗ ಬರುತ್ತದೆ, ಅಂಗಡಿ ಕೈ ಬದಲಾಗುವುದು. ಹೊಸಬರು "ಕ್ರೇಟ್ ಸಹಿತ ಅಂಗಡಿ ತಗೊಂಡೇನ್ರಿ, ಡಿಪಾಸಿಟ್ ನಂದ" ಅನ್ನುತ್ತಾರೆ. ಹಳಬರು ತಿಂಗಳ ಮೇಲೆ ಬಂದು ನಮ್ಮ ಡಿಪಾಸಿಟ್ ಕೊಡಿ ಅನ್ನುತ್ತಾರೆ. ಬಾಟ್ಲಿ ಒಂದು ಕಡೆ, ಖಾತೆಯ ಹೆಸರು ಇನ್ನೊಂದು ಕಡೆ. ನಾನು ಇಬ್ಬರನ್ನೂ ಒಟ್ಟಿಗೆ ಕರೆಸಿ ಬಾಟ್ಲಿ, ಕ್ರೇಟ್ ಎಣಿಸಿ, ಹಳಬರಿಂದ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಂಡು ಹೆಸರು ಬದಲಿಸುತ್ತೇನೆ. ಅವರು ಬರೆದುಕೊಡಲು ಒಪ್ಪದಿದ್ದರೆ ಅವರ ಡಿಪಾಸಿಟ್ ಅವರಿಗೆ ವಾಪಸ್, ಅದೇ ಕ್ರೇಟುಗಳಿಗೆ ಹೊಸಬರಿಂದ ಹೊಸ ಡಿಪಾಸಿಟ್.